ಮೊದಲ ಮಳೆಗೇ ಸಂಪಿನ ನೀರು ಕೆಡುತ್ತಿದ್ದರೆ

"ಹೋದ ವರ್ಷ ಮೊದಲ ಮಳೆಗೇ ಸಂಪಿನ ನೀರು ಕಂದಾಗಿ ವಾಸನೆ ಬಂತು. ಫಿಲ್ಟರ್ ಇದೆ. ಟೆರೇಸ್ 200 ಚದರ ಮೀಟರ್, ಇಳಿಯುವ ಪೈಪ್ 4. ಈ ಸಲ ಏನು ಮಾಡಲಿ?"

ಟೆರೇಸಿನ ಧೂಳು, ಪಾರಿವಾಳದ ಹಿಕ್ಕೆ ತೊಳೆದು ಬರುವ ಮೊದಲ ನೀರು ನೇರ ಫಿಲ್ಟರಿಗೆ ಹೋಗುತ್ತಿರಬೇಕು. ಜಲ್ಲಿ, ಮರಳು ಕಸ ತಡೆಯುತ್ತವೆ, ಕರಗಿದ ಕೊಳೆಯನ್ನಲ್ಲ.

ಮೊದಲು ಮಳೆಯಿಲ್ಲದ ದಿನ ಬೆಳಿಗ್ಗೆ ನಾಲ್ಕೂ ಪೈಪುಗಳ ಬುಡ ನೋಡಿ. ನೀರು ಬರುತ್ತಿದ್ದರೆ ಯಾರದೋ ಬಾಲ್ಕನಿ ಅಥವಾ ವಾಷಿಂಗ್ ಮೆಷಿನ್ ನೀರು ಅದಕ್ಕೆ ಸೇರಿದೆ; ಅದನ್ನು ಬೇರ್ಪಡಿಸದೆ ಮುಂದಿನ ಕೆಲಸ ವ್ಯರ್ಥ.

ಆಮೇಲೆ ಮೊದಲ 2 ಮಿ.ಮೀ. ಮಳೆಯನ್ನು ಹೊರಗೆ ಬಿಡಿ. ನಿಮ್ಮಲ್ಲಿ ಅದು 400 ಲೀಟರ್, ಟೆರೇಸ್ ಸಮನಾಗಿ ಹಂಚಿದ್ದರೆ ಪೈಪಿಗೆ 100. ಪ್ರತಿ ಪೈಪಿಗೂ ಫಿಲ್ಟರಿಗೆ ಮುಂಚೆ ಟೀ ಜಾಯಿಂಟ್ ಹಾಕಿ, ಅದಕ್ಕಿಂತ ಕೆಳಗೆ ಬಿಗಿಮುಚ್ಚಳದ 100 ಲೀಟರ್ ಡ್ರಮ್ ಕೂರಿಸಿ. ಡ್ರಮ್ ತುಂಬಿದ ಮೇಲಿನ ನೀರು ತಾನಾಗಿ ಫಿಲ್ಟರಿಗೆ ಹೋಗುತ್ತದೆ. ಡ್ರಮ್ಮಿನ ಬದಲು ವಾಲ್ವ್ ಹಾಕಿದರೆ ಅಗ್ಗ, ಆದರೆ ರಾತ್ರಿ ಮಳೆಗೆ ಅದನ್ನು ತಿರುಗಿಸಲು ಯಾರಾದರೂ ಎದ್ದಿರಬೇಕು.

ಡ್ರಮ್ಮಿನ ತಳದ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕುವಂತೆ ಬಿಡಿ. ಡ್ರಮ್ ಖಾಲಿಯಾಗದಿದ್ದರೆ ಮುಂದಿನ ಮಳೆಯ ಕೊಳೆ ಮತ್ತೆ ಸಂಪಿಗೇ. ಆ ನಲ್ಲಿ ಕೆಸರಿನಿಂದ ಬೇಗ ಕಟ್ಟಿಕೊಳ್ಳುತ್ತದೆ, ವಾರಕ್ಕೊಮ್ಮೆ ಪೂರ್ತಿ ತೆರೆದು ತೊಳೆಯಿರಿ.

ಇಷ್ಟಾದರೂ ವಾಸನೆ ಬಂದರೆ ಫಿಲ್ಟರ್ ಬಿಚ್ಚಿ. ಹೋದ ವರ್ಷದ ಎಲೆ ಒಳಗೇ ಕೊಳೆತಿರಬಹುದು. ಜಲ್ಲಿ ತೊಳೆದು, ಮರಳು ಬದಲಿಸಿ.