ಹೆರಿಗೆ ರಜೆಯ ನಡುವೆ ಕಾಂಟ್ರ್ಯಾಕ್ಟ್ ಮುಗಿದರೆ ದುಡ್ಡು ಎಷ್ಟು ದಿನದ್ದು ಸಿಗುತ್ತದೆ?

"ನಾನು ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ಒಂದು ವರ್ಷದ ಕಾಂಟ್ರ್ಯಾಕ್ಟ್ ಮೇಲೆ ಇದ್ದೇನೆ. ಹೆರಿಗೆ ಆಗಿ ಒಂದು ತಿಂಗಳಿಗೇ ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಅಲ್ಲಿತನಕ ಮಾತ್ರ ರಜೆ ಸಂಬಳ ಅಂತಾರೆ. ಇದು ಸರೀನಾ?"

ಸರಿ ಅಲ್ಲ. ನನಗೂ ಇದನ್ನೇ ಹೇಳಿದ್ದರು.

ನಾನು ಗೋಕುಲ ರೋಡ್ ಕಡೆಯ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ತಿಂಗಳಿಗೆ 24,000 ರೂಪಾಯಿ. 2025ರ ಮಾರ್ಚ್ 1ರಿಂದ ರಜೆ ಹಾಕಿ ಬಾಣಂತನಕ್ಕೆ ಗದಗಿಗೆ, ತವರಿಗೆ ಹೋದೆ. ಮಾರ್ಚ್ 31ಕ್ಕೆ ಕಾಂಟ್ರ್ಯಾಕ್ಟ್ ಮುಗೀತು. ಮಾರ್ಚ್ ಸಂಬಳ ಹಾಕಿ, "ಇನ್ನು ನೀವು ನಮ್ಮ ನೌಕರರಲ್ಲ" ಅಂದರು.

ಆದರೆ ಕಾನೂನು ಕೇಳುವುದು ಬೇರೆ. ಹೆರಿಗೆಗೆ ಡಾಕ್ಟರ್ ಕೊಟ್ಟ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ ನೀವು 80 ದಿನ ಕೆಲಸ ಮಾಡಿದ್ದೀರಾ? ಮಾಡಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರದ ಹಕ್ಕು ಬಂದ ಹಾಗೆ. ದೆಹಲಿಯ ಆಸ್ಪತ್ರೆಯಲ್ಲಿ ಕಾಂಟ್ರ್ಯಾಕ್ಟ್ ಮೇಲಿದ್ದ ಡಾ. ಕವಿತಾ ಯಾದವ್ ಅವರಿಗೆ ಕಾಂಟ್ರ್ಯಾಕ್ಟಿನಲ್ಲಿ ಉಳಿದಿದ್ದ 11 ದಿನಕ್ಕಷ್ಟೇ ಸೌಲಭ್ಯ ಕೊಟ್ಟಿದ್ದರು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಈ ಸೌಲಭ್ಯ ಕಾಂಟ್ರ್ಯಾಕ್ಟ್ ಅವಧಿ ದಾಟಿಯೂ ನಡೆಯುತ್ತದೆ ಎಂದು ಹೇಳಿತು. 2025ರ ನವೆಂಬರ್ 21ರಿಂದ ಹಳೇ ಹೆರಿಗೆ ಸೌಲಭ್ಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದರಲ್ಲೂ 80 ದಿನ, 26 ವಾರ ಹಾಗೇ ಇವೆ.

ನನ್ನ ಲೆಕ್ಕ ಹೀಗಿತ್ತು. 26 ವಾರ ಅಂದರೆ 182 ದಿನ, ಆಗಸ್ಟ್ 29ರ ತನಕ. ರಜೆಗೆ ಮುಂಚಿನ ಮೂರು ತಿಂಗಳ ಸಂಬಳ 72,000, ದಿನ 90, ಹಾಗಾಗಿ ದಿನಕ್ಕೆ 800. ಮಾರ್ಚ್‌ನ 31 ದಿನದ್ದು ಕೊಟ್ಟಾಗಿತ್ತು. ಉಳಿದ 151 ದಿನಕ್ಕೆ 1,20,800 ರೂಪಾಯಿ.

ಇದನ್ನೇ ಒಂದು ಹಾಳೆಯಲ್ಲಿ ಬರೆದು, ಆ ತೀರ್ಪಿನ ಪ್ರತಿ ಹಚ್ಚಿ, ನಮ್ಮ ತಮ್ಮನ ಕೈಯಲ್ಲಿ ಆಫೀಸಿಗೆ ಕಳಿಸಿದೆ. ಇನ್ನೊಂದು ಪ್ರತಿ ಮೇಲೆ ಇನ್ವರ್ಡ್ ಸೀಲ್ ಹಾಕಿಸಿಕೊಂಡೇ ಬಾ ಅಂದಿದ್ದೆ. ಉತ್ತರ ಬರಲಿಲ್ಲ. ಆ ಸೀಲ್ ಇದ್ದ ಪ್ರತಿಯನ್ನೇ ಇಟ್ಟು ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆ. ಅಲ್ಲಿಂದ ನೋಟಿಸ್ ಹೋದ ಮೇಲೆ ದುಡ್ಡು ಬಂತು.

ಒಂದು ಕಡೆ ಮಾತ್ರ ತುಂಬಾ ಹುಷಾರಾಗಿರಿ. ಏಪ್ರಿಲ್‌ನಲ್ಲಿ ಪಿಎಫ್ ಫಾರ್ಮ್ ಜೊತೆ ಒಂದು ಕಾಗದ ಬಂದಿತ್ತು, "ನನಗೆ ಕಂಪನಿಯಿಂದ ಯಾವ ಬಾಕಿಯೂ ಇಲ್ಲ" ಅಂತ. ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಸಹಿ ಮಾಡೋಕೆ ಪೆನ್ ಹಿಡಿದಿದ್ದೆ, ಅವ್ವ ಓದಿ ತಡೆದಳು. ಅಂಥದ್ದಕ್ಕೆ, ರಾಜೀನಾಮೆ ಪತ್ರಕ್ಕೆ ಸುಮ್ನೆ ಸಹಿ ಹಾಕಬೇಡಿ.

ನಿಮ್ಮ ಸಂಬಳದಲ್ಲಿ ಇಎಸ್‌ಐ ಕಟ್ ಆಗುತ್ತಿದ್ದರೆ ದಾರಿ ಬೇರೆ. ದುಡ್ಡು ಕೊಡುವುದು ಕಂಪನಿಯಲ್ಲ, ಇಎಸ್‌ಐ. ಅರ್ಜಿ ಅವರ ಶಾಖಾ ಕಚೇರಿಗೇ ಹಾಕಬೇಕು.

ಇನ್ನು, ಈ ತೀರ್ಪಿನಿಂದ ಸಿಗುವುದು 26 ವಾರದ ದುಡ್ಡು. ಕಾಂಟ್ರ್ಯಾಕ್ಟ್ ಮುಂದುವರಿಸಿ ಅಂತ ಕೇಳೋಕೆ ಅದು ಆಧಾರ ಆಗುವುದಿಲ್ಲ. ನನ್ನದನ್ನು ಅವರು ಮುಂದುವರಿಸಲಿಲ್ಲ.