ಸಾಲು ಒಡೆಯುವ ಜಾಗ

"ಎರಡು ಕಾಲಂ ಸ್ಕ್ರಿಪ್ಟ್ ಕೊಟ್ಟರೂ ಯಾವ ಮಾತಿಗೆ ಯಾವ ಶಾಟ್ ಅಂತ ಎಡಿಟರ್ ಕೇಳ್ತಾನೇ ಇರ್ತಾರೆ. ಎಲ್ಲಿ ತಪ್ತಿದೀನಿ?"

ಬಹುಶಃ ಪ್ಯಾರಾಕ್ಕೊಂದು ಸಾಲು ಮಾಡಿದ್ದೀರಿ. ಚಿತ್ರ ಬದಲಾಗುವ ಕಡೆಯೆಲ್ಲ ಹೊಸ ಸಾಲು ಹಾಕಿ. ಚನ್ನಪಟ್ಟಣದ ಬೊಂಬೆ ವಿಷಯ ಅಂದ್ಕೊಳ್ಳಿ. ಎಡಗಡೆ, ಚಿತ್ರದ ಕಾಲಂನಲ್ಲಿ: "ಕ್ಲಿಪ್ C0012, 01:14ರಿಂದ 01:22. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುವ ಕೈ, ಕ್ಲೋಸಪ್." ಬಲಗಡೆ, ಮಾತಿನ ಕಾಲಂನಲ್ಲಿ: "ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ." ಎಡಗಡೆ ಬರೀ "ಅರಗು ಹಚ್ಚುವುದು" ಅಂತಿದ್ದರೆ ಎಡಿಟರ್ ಎಲ್ಲ ಕ್ಲಿಪ್ಪನ್ನೂ ತಡಕಾಡಬೇಕು.

ಆಮೇಲೆ ಆ ಮಾತನ್ನು ಗಟ್ಟಿಯಾಗಿ ಓದಿ, ಸೆಕೆಂಡ್ ನೋಡಿ. ಮನಸ್ಸಲ್ಲಿ ಓದಿದರೆ ಲೆಕ್ಕ ತಪ್ಪುತ್ತೆ. 4 ಸೆಕೆಂಡ್ ಬಂದರೆ, 8 ಸೆಕೆಂಡಿನ ಶಾಟ್‌ನಲ್ಲಿ ಉಳಿದಿದ್ದಕ್ಕೆ ಬಲಗಡೆಯೇ "ಲೇತ್ ಸದ್ದು ಮಾತ್ರ" ಅಂತ ಬರೀರಿ. ಅದನ್ನು ಖಾಲಿ ಬಿಟ್ಟರೆ ಮುಂದಿನ ಸಾಲಿನ ಮಾತು ಈ ಚಿತ್ರದ ಮೇಲೇ ಬಂದು ಕೂರುತ್ತೆ.