ಹಾಲ್ ಪ್ರಪೋಸಲ್‌ಗೆ ಟೆಂಪ್ಲೇಟ್ ಹುಡುಕುವ ಮೊದಲು ಟೇಪು ಹಿಡಿಯಿರಿ

ಪ್ರಶ್ನೆ: "600 ಜನರ ಮದುವೆಗೆ ಕ್ಲೈಂಟ್‌ಗೆ ಹಾಲ್ ಪ್ರಪೋಸಲ್ ಡೆಕ್ ಕಳಿಸಬೇಕು. ಫ್ಲೋರ್ ಪ್ಲಾನ್, ಫೋಟೋ, ಮೂರು ಪ್ಯಾಕೇಜ್ ಇರಬೇಕಂತೆ. ಯಾವ ಟೆಂಪ್ಲೇಟ್ ಚೆನ್ನಾಗಿರುತ್ತೆ, ಎಷ್ಟು ಸ್ಲೈಡ್ ಸಾಕು?"

ಟೆಂಪ್ಲೇಟ್ ಯಾವುದಾದರೂ ಆಗುತ್ತೆ, ಅದನ್ನು ಕೊನೆಗೆ ನೋಡಿ. ನಿಮ್ಮ ಹಾಗೇ 600 ಜನರ ಮದುವೆಗೆ ನಾನು ಮಾಡಿದ್ದ ಡೆಕ್ ನೋಡೋಕೆ ಚೆಂದವಾಗಿತ್ತು. ಅದರಲ್ಲಿದ್ದ ಫ್ಲೋರ್ ಪ್ಲಾನ್ ಮಾತ್ರ ಹಾಲ್‌ನವರು ಕೊಟ್ಟದ್ದು, ಮೂಲೆಯಲ್ಲಿ "ಸಾಮರ್ಥ್ಯ 800" ಅಂತ ಬರೆದಿತ್ತು. ನಾನು ಅದನ್ನು ಹಾಗೇ ಅಂಟಿಸಿದೆ.

ಮದುವೆಗೆ ಮೂರು ದಿನ ಇದ್ದಾಗ ಡೆಕೋರೇಷನ್‌ನವರು ನೆಲದ ಮೇಲೆ ಬಿಳಿ ಟೇಪು ಅಂಟಿಸಿ ವೇದಿಕೆ ಗುರುತು ಮಾಡಿದರು. ಆ ಗೆರೆಯಿಂದ ಹಿಂದಿನ ಗೋಡೆವರೆಗೆ ಉಳಿದ ಜಾಗ ನೋಡಿದಾಗಲೇ ಗೊತ್ತಾಯಿತು. ಆ 800 ಖಾಲಿ ಹಾಲಿನ ಲೆಕ್ಕ. ಮುಹೂರ್ತ ನಡೆಯೋ ಹಾಲ್ ಖಾಲಿ ಇರೋದಿಲ್ಲ.

ಲೆಕ್ಕ ಹೀಗಿದೆ. ಹಾಲ್ 90 ಅಡಿ ಉದ್ದ, 60 ಅಡಿ ಅಗಲ. ವೇದಿಕೆಯ ಆಳ 18 ಅಡಿ. ಅದರ ಮುಂದೆ ಫೋಟೋದವರು ನಿಲ್ಲೋಕೆ, ಅಕ್ಷತೆ ಹಾಕೋಕೆ ಎದ್ದು ಬರುವವರಿಗೆ 10 ಅಡಿ ಬೇಕು. ಹಿಂದೆ ಬಾಗಿಲ ಹತ್ತಿರ 8 ಅಡಿ. ಇಷ್ಟು ಕಳೆದರೆ ಉದ್ದದಲ್ಲಿ ಉಳಿಯೋದು 54 ಅಡಿ. ಅಗಲದಲ್ಲಿ ನಡುವಿನ ದಾರಿಗೆ 8, ಎರಡೂ ಗೋಡೆ ಪಕ್ಕ ನಾಲ್ಕು ನಾಲ್ಕು ಅಡಿ ಹೋದರೆ 44. ಸಾಲಿನಿಂದ ಸಾಲಿಗೆ 3 ಅಡಿ ಬಿಟ್ಟರೆ 18 ಸಾಲು. ಒಂದು ಕುರ್ಚಿಗೆ 20 ಇಂಚು ಹಿಡಿದರೆ ದಾರಿಯ ಆಚೆ 13, ಈಚೆ 13. ಒಟ್ಟು 468 ಕುರ್ಚಿ. ಎರಡು ಕಂಬಗಳ ಹಿಂದಿನ, ವೇದಿಕೆ ಕಾಣದ ಸೀಟು ಬಿಟ್ಟರೆ ಸುಮಾರು 430. ಕ್ಲೈಂಟ್‌ಗೆ ನಾನು 600 ಸೀಟು ಅಂತ ಬರೆದುಕೊಟ್ಟಿದ್ದೆ. ಉಳಿದವರಿಗೆ ಹೊರಗೆ ಶಾಮಿಯಾನ, ಕುರ್ಚಿ, ಮುಹೂರ್ತ ಕಾಣೋ ಹಾಗೆ ಸ್ಕ್ರೀನು ಹಾಕಿಸಿದ್ದಕ್ಕೆ ನನ್ನ ಕೈಯಿಂದ 62 ಸಾವಿರ ಹೋಯಿತು. ಕೋಟ್‌ನಲ್ಲಿ ಇಲ್ಲದ್ದನ್ನು ಹೆಣ್ಣಿನ ಕಡೆಯವರ ಹತ್ತಿರ ಕೇಳೋಕಾಗಲ್ಲ.

ಹಾಗಾಗಿ ನೀವೇ ಟೇಪು ಹಿಡಿದು ಅಳೆಯಿರಿ. ಹಾಲ್‌ನವರ ನಕ್ಷೆಯ ಮೇಲೆ ವೇದಿಕೆ, ದಾರಿ, ಕಂಬ, ಒಂದೊಂದು ಸಾಲನ್ನೂ ಬರೆದು, ಆ ಎಣಿಕೆಯನ್ನೇ ಹಾಕಿ. ಊಟದ ಹಾಲಿಗೂ ಇದೇ ಕೆಲಸ ಮಾಡಿ. ಒಂದು ಪಂಕ್ತಿಗೆ 200 ಎಲೆ, ಎಲೆ ಎತ್ತಿ ಟೇಬಲ್ ಒರೆಸೋದೂ ಸೇರಿ ಪಂಕ್ತಿಗೆ 45 ನಿಮಿಷ ಅಂದುಕೊಂಡರೆ, 600 ಜನರ ಊಟಕ್ಕೆ ಎರಡೂಕಾಲು ಗಂಟೆ. ಮೂರು ಗಂಟೆಗೆ ಹಾಲ್ ಬಿಟ್ಟುಕೊಡಬೇಕಿದ್ದರೆ ಇದು ಮೊದಲೇ ಕ್ಲೈಂಟ್ ಕಣ್ಣಿಗೆ ಬೀಳಬೇಕು.

ಆ ಎರಡು ಕಂಬ ನನ್ನ ಫೋಟೋಗಳಲ್ಲೂ ಕಾಣುತ್ತಿರಲಿಲ್ಲ, ಯಾಕೆಂದರೆ ಎಲ್ಲವನ್ನೂ ವೇದಿಕೆ ಮೇಲೆ ನಿಂತು ಮೊಬೈಲಿನ 0.5x ಲೆನ್ಸ್‌ನಲ್ಲಿ ತೆಗೆದಿದ್ದೆ. 1x ಇಟ್ಟು, ಕೊನೆ ಸಾಲಿನಲ್ಲಿ ಕೂತು, ಕೂತವರ ಕಣ್ಣಿನ ಎತ್ತರದಿಂದ ಒಂದು ಫೋಟೋ ತೆಗೆಯಿರಿ. ಪ್ರತಿ ಫೋಟೋಗೂ ಒಂದು ನಂಬರ್ ಕೊಟ್ಟು, ಎಲ್ಲಿಂದ ತೆಗೆದದ್ದು ಅಂತ ಪ್ಲಾನ್ ಮೇಲೆ ಬಾಣದ ಗುರುತು ಹಾಕಿ. ಬೇರೆ ಮದುವೆಯ ಅಲಂಕಾರ ಇರೋ ಫೋಟೋ ಆದರೆ ಅದರ ಕೆಳಗೆ ಹಾಗಂತ ಬರೆಯಿರಿ. ಇಲ್ಲದಿದ್ದರೆ ಆ ಹೂವೂ ಪ್ಯಾಕೇಜಿನಲ್ಲಿದೆ ಅಂದುಕೊಳ್ಳುತ್ತಾರೆ.

ಪ್ಯಾಕೇಜಿನಲ್ಲಿ "ತಲೆಗೆ ಇಷ್ಟು" ಅಂತ ದಯವಿಟ್ಟು ಬರೆಯಬೇಡಿ. ಉದಾಹರಣೆಗೆ ಬಾಡಿಗೆ 2,50,000, ಅಲಂಕಾರ 1,50,000, ಲೈಟು ಮತ್ತು ಸೌಂಡು 60,000, ಜನರೇಟರ್ ಮತ್ತು ಕ್ಲೀನಿಂಗ್ 40,000. ಇದು 5 ಲಕ್ಷ, ಎಷ್ಟೇ ಜನ ಬಂದರೂ ಬದಲಾಗಲ್ಲ. ಎಲೆಗೆ 450ರ ಹಾಗೆ 600 ಎಲೆಗೆ 2,70,000. ಒಟ್ಟು 7,70,000. ಇದನ್ನು ತಲೆಗೆ 1,283 ಅಂತ ಬರೆದಿರಿ ಅನ್ನಿ. ಕ್ಲೈಂಟ್ ನೂರು ಜನ ಕಡಿಮೆ ಮಾಡಿದರೆ 1,28,300 ಕಳೆದು ಕೊಡುತ್ತಾರೆ, ನಿಮಗೆ ಉಳಿಯೋದು ನೂರು ಎಲೆಯ 45,000 ಮಾತ್ರ. ಬಾಕಿ 83,300 ನಿಮ್ಮ ತಲೆ ಮೇಲೆ. ಅದಕ್ಕೇ ಬದಲಾಗದ ಖರ್ಚು ಒಂದು ಸಾಲು, ಎಲೆಯ ದರ ಇನ್ನೊಂದು ಸಾಲು, ಕನಿಷ್ಠ ಎಷ್ಟು ಎಲೆಗೆ ಹಣ ಕೊಡಲೇಬೇಕು ಅನ್ನೋದು ಮೂರನೇ ಸಾಲು. ತೆರಿಗೆ ಬೇರೆ ಸಾಲಿನಲ್ಲಿ ತೋರಿಸಿ, ಅದನ್ನೂ ಸೇರಿಸಿದ ಮೊತ್ತವನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಮೂರು ಪ್ಯಾಕೇಜ್ ಬೇಕೇ ಬೇಕು ಅನ್ನೋದನ್ನೂ ನಾನು ಒಪ್ಪಲ್ಲ. ಎರಡು ಸಾಕು: ಎಲ್ಲರೂ ಒಳಗೇ ಕೂರುವ 430 ಜನರದ್ದು ಒಂದು, ಶಾಮಿಯಾನ ಸೇರಿಸಿದ 600 ಜನರದ್ದು ಇನ್ನೊಂದು. ಹಾಲ್ ಸಾಲದು ಅನ್ನೋ ವಿಷಯ ಆಗ ಅಡ್ವಾನ್ಸ್ ಕೊಡುವ ಮೊದಲೇ ಮಾತಿಗೆ ಬರುತ್ತೆ.